ಅತ್ತೆ ಕಳಿಸಿದ ಹೆಸರು

ಹೆಸರಿನ ಕೆಳಗೆ ಎರಡು ಗೆರೆ ಎಳೆದಿತ್ತು. ಎರಡನೆಯ ಗೆರೆ ಎಷ್ಟು ಒತ್ತಿ ಎಳೆದದ್ದೆಂದರೆ ಕೊನೆಯಲ್ಲಿ ಪೆನ್ನಿನ ಮೊನೆ ಕಾಗದವನ್ನು ಸೀಳಿತ್ತು. ಗೋಡೆ ಕ್ಯಾಲೆಂಡರಿನ ಹಾಳೆಯ ಹಿಂಬದಿ ಅದು. ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ಬಿಡಿಬಿಡಿಯಾಗಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆಯುವ ಹಾಗೆ ಬರೆದಿತ್ತು. ಕೆಳಗೆ ಹಡಗಲಿ ಎಂದು ಊರು. ಅದರ ಕೆಳಗೆ ಎರಡೇ ಪದ: ಎಲ್ಲಾ ಹುಡುಕು.

ಅದನ್ನು ತಂದವನು ಕೂಡ್ಲಿಗಿ ಬಸ್ಸಿನ ಕಂಡಕ್ಟರ್. ಆಗ ನಮ್ಮ ಕಡೆ ಊರಿಂದ ಊರಿಗೆ ಹೋಗಬೇಕಾದ ಔಷಧಿ, ಕೀಲಿಕೈ, ಮರೆತ ಕನ್ನಡಕ ಎಲ್ಲ ಕಂಡಕ್ಟರ್ ಕೈಯಲ್ಲೇ ಹೋಗುತ್ತಿದ್ದವು. ಅವನು ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಚೀಟಿ ಚಾಚಿದ.

"ನಿಮ್ಮ ಅತ್ತಿ ಕೊಟ್ಟಾರ್ರಿ. ಬಾಯಿಲೆನೂ ಹೇಳು ಅಂದಾರ. ಎಲ್ಲಾ ಅಂದ್ರ ಎಲ್ಲಾ ಅಂತ."

"ಮತ್ತೇನಂದ್ರು?"

"ಮತ್ತೇನಿಲ್ರಿ. ಟಿಕೆಟ್ ಮಾತ್ರ ತಗೊಳ್ಳಲಿಲ್ಲ, ಚೀಟಿಗೂ ಟಿಕೆಟ್ ಏನಲೇ ಅಂದ್ರು" ಎಂದು ನಕ್ಕು, ಸೀಟಿ ಊದುತ್ತಾ ಓಡಿದ.

ಆ ಹೆಸರು ಯಾರದೆಂದು ನನಗೆ ಓದುವ ಮೊದಲೇ ಗೊತ್ತಿತ್ತು. ನಾಲ್ಕು ತಿಂಗಳಿಂದ ಆ ಹೆಸರನ್ನು ಮನಸ್ಸಿನಲ್ಲಿ ಪೂರ್ತಿ ಉಚ್ಚರಿಸದೆ ತಪ್ಪಿಸಿಕೊಂಡು ತಿರುಗುತ್ತಿದ್ದೆ.

ನಾನು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಬಂದು ಒಂದೂವರೆ ವರ್ಷವಾಗಿತ್ತು. ಕೆಲಸ ಸಿಕ್ಕಿರಲಿಲ್ಲ. ಕೊಟ್ಟೂರಿನ ಮನೆಯಿಂದ ದಿನಾ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಹೋಗಿ, ಅಲ್ಲಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೂರುತ್ತಿದ್ದೆ. ಎರಡು ಸಾವಿರದ ಆಚೀಚಿನ ವರ್ಷಗಳು. ಅಂಗಡಿಯಲ್ಲಿ ಜೆರಾಕ್ಸ್, ಟೈಪಿಂಗ್, ಲಗ್ನಪತ್ರಿಕೆ, ಜೊತೆಗೆ ಒಂದು ಟೆಲಿಫೋನ್ ತಂತಿಗೆ ಕಟ್ಟಿದ ಇಂಟರ್‌ನೆಟ್ಟು. ಮಾಡೆಮ್ಮು ಒಂದು ನಿಮಿಷ ಕಿರುಚಿ ಆಮೇಲೆ ಸುಮ್ಮನಾದರೆ ಲೈನು ಸಿಕ್ಕಿತು ಎಂದು ಅರ್ಥ. ಪರೀಕ್ಷೆಯ ಫಲಿತಾಂಶ, ನೌಕರಿಯ ಆಯ್ಕೆ ಪಟ್ಟಿ ಬಂದ ದಿನ ಹೊರಗೆ ಸಾಲು ನಿಲ್ಲುತ್ತಿತ್ತು. ಉಳಿದ ದಿನ ನಾನು ಮತದಾರರ ಪಟ್ಟಿಯ ತಿದ್ದುಪಡಿಗಳನ್ನು ಟೈಪು ಮಾಡುತ್ತಿದ್ದೆ. ನಮ್ಮ ತಾಲೂಕಿನದಲ್ಲದೆ ಹಡಗಲಿಯ ಕೆಲವು ಭಾಗಗಳನ್ನೂ ಮಾಲೀಕರು ಗುತ್ತಿಗೆ ಹಿಡಿದಿದ್ದರು.

ಹುಡುಕುವುದು ನನಗೆ ಬರುತ್ತಿತ್ತು. ಓದಿದ್ದೇ ಅದನ್ನು. ಯಾರಾದರೂ ಒಂದು ಪ್ರಶ್ನೆ ತಂದರೆ ಅದರ ಉತ್ತರ ಯಾವ ಪುಸ್ತಕದಲ್ಲಿ, ಯಾವ ಪಟ್ಟಿಯಲ್ಲಿ ಇರುತ್ತದೆ ಎಂದು ಮೊದಲು ಊಹಿಸಬೇಕು, ಆಮೇಲೆ ಕೈ ಹಾಕಬೇಕು. ಸಿಕ್ಕಿದ್ದನ್ನು ಚಿಕ್ಕ ರಟ್ಟಿನ ಕಾರ್ಡಿನ ಮೇಲೆ, ಎಲ್ಲಿಂದ ಸಿಕ್ಕಿತು ಎಂಬುದರ ಸಮೇತ ಬರೆದಿಡಬೇಕು. ಮನೆಯವರಿಗೆ ಇದು ಮಾಟದಂತೆ ಕಾಣುತ್ತಿತ್ತು. ಸತ್ತವರ ಜಮೀನಿನ ಪಹಣಿ, ಕಳೆದುಹೋದ ಅಂಕಪಟ್ಟಿಯ ನಂಬರು ಎಲ್ಲಕ್ಕೂ ನನ್ನನ್ನೇ ಕೇಳುತ್ತಿದ್ದರು. ಹುಡುಕಿಕೊಟ್ಟಾಗೆಲ್ಲ ಹೆಚ್ಚು ಹೊಗಳಿದವಳು ಕೂಡ್ಲಿಗಿಯ ಅತ್ತೆ, ನನ್ನ ಅಪ್ಪನ ತಂಗಿ.

ಅಣ್ಣನ ಮಗಳು ಎಂದು ಅತ್ತೆ ನನ್ನನ್ನು ಹುಟ್ಟಿದಾಗಿನಿಂದ ಸೊಸಿ ಎಂದೇ ಕರೆಯುತ್ತಿದ್ದಳು. ಆ ಕರೆಗೆ ಇನ್ನೊಂದು ಅರ್ಥವೂ ಬರಲಿ ಎಂದು ಎರಡೂ ಮನೆಯವರು ಕಾಯುತ್ತಿದ್ದರು. ಅವಳ ಮಗ ಹರಪನಹಳ್ಳಿಯಲ್ಲಿ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ. ನನಗಿಂತ ನಾಲ್ಕು ವರ್ಷ ದೊಡ್ಡವನು. ನಾನು ಯಾರಿಗೂ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ನನ್ನ ಸ್ವಭಾವ ಅದು. ಆದರೆ ಅವನು ನಮ್ಮ ಮನೆಗೆ ಬರುವ ಭಾನುವಾರಗಳಲ್ಲಿ ಮೊದಲ ಬಸ್ಸಿನ ಸದ್ದು ಯಾವುದು, ಎರಡನೆಯದು ಯಾವುದು ಎಂದು ನನ್ನ ಕಿವಿಗೆ ಗೊತ್ತಿತ್ತು.

ಆಮೇಲೆ ಅವನು ಹಡಗಲಿಯ ಒಬ್ಬ ಟೀಚರನ್ನು ಮೆಚ್ಚಿದ್ದಾನೆ ಎಂಬ ಮಾತು ಬಂತು.

ಅವಳನ್ನು ನಾನು ನೋಡಿದ್ದು ಒಂದೇ ಸಲ, ಕೊಟ್ಟೂರು ಬಸ್ ನಿಲ್ದಾಣದಲ್ಲಿ. ಇಬ್ಬರೂ ಮಂಡಕ್ಕಿ ತಿನ್ನುತ್ತಾ ನಿಂತಿದ್ದರು. ನನ್ನನ್ನು ಕಂಡು ಅವನು "ನಮ್ಮ ಸೋದರಮಾವನ ಮಗಳು, ಭಾಳ ಓದ್ಯಾಳ" ಎಂದ. ಅವಳು ಬಾಯಲ್ಲಿದ್ದುದನ್ನು ನುಂಗಿ, ಕೈ ಒರೆಸಿಕೊಂಡು ನಮಸ್ಕಾರ ಮಾಡಿದಳು. ನನಗಿಂತ ಗಿಡ್ಡ. ಸೀರೆಯ ನಿರಿಗೆ ಸರಿಯಾಗಿ ಕೂತಿರಲಿಲ್ಲ. ಇವನ್ನೆಲ್ಲ ನಾನು ಅಳೆದೆ. ಅಷ್ಟರಲ್ಲಿ ಅವನು ಮಾತಾಡುತ್ತಲೇ ಅವಳ ಪೊಟ್ಟಣದಿಂದ ಮಿರ್ಚಿಯನ್ನು ಎತ್ತಿ ತನ್ನದಕ್ಕೆ ಹಾಕಿಕೊಂಡ. ಅವಳನ್ನು ಕೇಳಲಿಲ್ಲ, ಅವಳೂ ಕೊಡಲಿಲ್ಲ. ಅವಳಿಗೆ ಖಾರ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅಷ್ಟೆ. ಇಪ್ಪತ್ನಾಲ್ಕು ವರ್ಷ ನಮ್ಮ ಮನೆಗೆ ಬಂದವನಿಗೆ ನಾನು ಹಾಲಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂದು ಗೊತ್ತಿರಲಿಲ್ಲ. ಆ ಮಿರ್ಚಿಯನ್ನು ನಾನು ವಾರಗಟ್ಟಲೆ ನೆನೆದೆ.

ಹೀಗಿದ್ದಾಗ ಬಂದದ್ದು ಆ ಚೀಟಿ.

ಅತ್ತೆಯ ಲೆಕ್ಕ ಸರಳವಾಗಿತ್ತು. ಮಗ ಹಟ ಹಿಡಿದಿದ್ದಾನೆ. ಬೇಡ ಎನ್ನಲು ಒಂದು ಕಾರಣ ಬೇಕು. ಆ ಹುಡುಗಿಯ ಬಗ್ಗೆ ಎಲ್ಲವನ್ನೂ ತಂದು ಹರಡಿದರೆ ಅದರೊಳಗೆ ಒಂದಾದರೂ ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕಿ ಕೊಡುವವಳೂ ನಾನೇ, ಅದರಿಂದ ಲಾಭವಾಗುವುದೂ ನನಗೇ.

ಆ ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋದಾಗ ನಾನು ಶುರು ಮಾಡಿದೆ. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ: ಅತ್ತೆಗಾಗಿ ಶುರು ಮಾಡಲಿಲ್ಲ.

ಇಂಟರ್‌ನೆಟ್ಟಿನಲ್ಲಿ ಹೆಸರು ಹಾಕಿದರೆ ಆಗ ಬಹುಮಟ್ಟಿಗೆ ಏನೂ ಬರುತ್ತಿರಲಿಲ್ಲ. ಸಾಮಾನ್ಯ ಮನುಷ್ಯರು ಇನ್ನೂ ಅದರೊಳಗೆ ಹೋಗಿರಲಿಲ್ಲ. ಅವರು ಇದ್ದದ್ದು ಕಾಗದಗಳಲ್ಲಿ, ಒಂದೊಂದು ತುಣುಕು ಒಂದೊಂದು ಕಚೇರಿಯಲ್ಲಿ. ನನ್ನ ಮೇಜಿನ ಕೆಳಗೆ ಮತದಾರರ ಪಟ್ಟಿಯ ಕಟ್ಟು ಇತ್ತು. ಕಾಗದದಲ್ಲಾದರೆ ಅದು ಬೀದಿ ಬೀದಿಯಾಗಿ, ಮನೆ ನಂಬರಿನ ಪ್ರಕಾರ ಇರುತ್ತದೆ. ಹೆಸರು ಹಿಡಿದು ಹುಡುಕಲು ಒಂದಿಡೀ ದಿನ ಬೇಕು. ಆದರೆ ಟೈಪು ಮಾಡಿದ ಫೈಲಿನಲ್ಲಿ ಹೆಸರು ಕೊಟ್ಟರೆ ಗಳಿಗೆಯಲ್ಲಿ ಹೋಗಿ ನಿಲ್ಲುತ್ತದೆ. ಕೊಟ್ಟೆ. ನಿಂತಿತು.

ಹೆಸರು ಅದೇ. ವಯಸ್ಸು ಸರಿ. ತಂದೆಯ ಹೆಸರಿರಬೇಕಾದ ಕಡೆ ಗಂಡನ ಹೆಸರಿತ್ತು.

ನನಗೆ ಆದ ಸಂತೋಷವನ್ನು ನಾನು ಮರೆತಿಲ್ಲ. ಮೈ ಬೆಚ್ಚಗಾಯಿತು. ಮದುವೆಯಾದವಳು! ಕಾರ್ಡು ತೆಗೆದು ಬರೆದೆ. ಅತ್ತೆಗೆ ಫೋನು ಮಾಡಲು ರಿಸೀವರ್ ಎತ್ತಿದೆ ಕೂಡ. ಲೈನು ಇಂಟರ್‌ನೆಟ್ಟಿಗೆ ಕೊಟ್ಟಿದ್ದರಿಂದ ಕಿವಿಗೆ ಬರೀ ಕಿರುಚಾಟ ಕೇಳಿಸಿತು, ಇಟ್ಟೆ. ಅಭ್ಯಾಸಬಲದಿಂದ ಹುಡುಕಾಟವನ್ನು ಇನ್ನೊಮ್ಮೆ ಮುಂದಕ್ಕೆ ಓಡಿಸಿದೆ. ಬೇರೊಂದು ಬೀದಿಯಲ್ಲಿ ಅದೇ ಹೆಸರು ಮತ್ತೆ ನಿಂತಿತು, ಈ ಸಲ ಚೀಟಿಯಲ್ಲಿದ್ದ ತಂದೆಯ ಹೆಸರಿನ ಜೊತೆ. ಹಡಗಲಿಯಲ್ಲಿ ಅದೇ ಹೆಸರಿನ ಇಬ್ಬರಿದ್ದರು. ನನ್ನ ಕಾರ್ಡಿನಲ್ಲಿ ಐದು ನಿಮಿಷ ಅವರು ಒಬ್ಬಳಾಗಿದ್ದರು. ಕಾರ್ಡು ಹೊಡೆದುಹಾಕಿ ಇನ್ನೊಂದು ತೆಗೆದುಕೊಂಡೆ. ಅಲ್ಲಿಗೇ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಸುಳ್ಳು ಕೈತಪ್ಪಿದ್ದಕ್ಕೆ ನಿಜದ ಮೇಲೆ ಹಟ ಬಂತು.

ಎರಡು ದಿನದಲ್ಲಿ ನಾಲ್ಕು ಕಾರ್ಡುಗಳಾದವು. ಒಂದರಲ್ಲಿ ಮನೆ ನಂಬರು, ಆ ಮನೆಯಲ್ಲಿ ಯಾರು ಯಾರಿದ್ದಾರೆ, ಯಾರ ವಯಸ್ಸೆಷ್ಟು. ಎರಡನೆಯದು ಟೆಲಿಫೋನ್ ಡೈರೆಕ್ಟರಿಯಿಂದ: ಬೀದಿ, ನಂಬರು. ಫೋನು ತಂದೆಯ ಹೆಸರಿನಲ್ಲೇ ಇತ್ತು, ಮತದಾರರ ಪಟ್ಟಿಯಲ್ಲಿ ತಂದೆ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವರು ತೀರಿಕೊಂಡಿರಬೇಕು ಎಂದು ತಿಳಿಯುತ್ತಿತ್ತು. ಮೂರನೆಯದು ಕಂಡಕ್ಟರನಿಂದ. "ಹಡಗಲಿ ಕಡಿ ಟೀಚರ್‌ಗಳು ಯಾವ ಬಸ್ಸಿಗೆ ಹೋಗ್ತಾರ್ರಿ?" ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಅವನು ಒಬ್ಬೊಬ್ಬರದಾಗಿ, ಅವಳದೂ ಸೇರಿ, ಬಸ್ಸಿನ ಹೊತ್ತು, ಇಳಿಯುವ ಕ್ರಾಸು, ಅಲ್ಲಿಂದ ಶಾಲೆಗೆ ನಡೆಯುವ ದಾರಿ ಎಲ್ಲ ಹೇಳಿದ. ಪಾಪ, ಅವನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ.

ನಾಲ್ಕನೆಯದು ಶಿಕ್ಷಕರ ಆಯ್ಕೆ ಪಟ್ಟಿಯಿಂದ. ಅದು ಬಂದಾಗ ನಾನೇ ಅದನ್ನು ಇಳಿಸಿಕೊಂಡು ಸಾಲಿನಲ್ಲಿ ನಿಂತವರಿಗೆ ತೋರಿಸಿದ್ದೆ, ಫೈಲು ಹಾಗೇ ಉಳಿದಿತ್ತು. ಹೆಸರು, ಹುಟ್ಟಿದ ತಾರೀಖು, ಅಂಕಗಳು, ಜಾತಿಯ ಗುಂಪು, ಆಮೇಲೆ ಇನ್ನೊಂದು ಕಾಲಂ. ಆ ಕಾಲಂನಲ್ಲಿ ಒಂದು ಚಿಕ್ಕ ಪದವಿತ್ತು. ಅದು ಕೆಟ್ಟದ್ದಲ್ಲ, ಯಾರ ತಪ್ಪೂ ಅಲ್ಲ. ಆದರೆ ನಮ್ಮ ಕಡೆ ಮದುವೆಯ ಮಾತು ನಡೆಯುವ ಮನೆಯಲ್ಲಿ ಅದನ್ನು ಜೋರಾಗಿ ಓದಿದರೆ ಆಮೇಲೆ ಯಾರೂ ಎರಡನೆಯ ಲೋಟ ಚಹಾ ಕೇಳುವುದಿಲ್ಲ. ಏನದು ಎಂದು ಇಲ್ಲಿಯೂ ಬರೆಯುವುದಿಲ್ಲ. ಈ ಬರಹದಲ್ಲಿ ಅವಳಿಗೆ ಸಂಬಂಧಿಸಿದ ಒಂದೆರಡು ಸಂಗತಿಗಳನ್ನು ಬದಲಿಸಿಯೂ ಇದ್ದೇನೆ.

ಅದು ಅತ್ತೆ ಕೇಳಿದ ಕಾರಣ. ನನ್ನ ಕೈಯಲ್ಲಿತ್ತು. ಕೂಡ್ಲಿಗಿಗೆ ಒಂದು ಫೋನು ಮಾಡಿದರೆ ಸಾಕಿತ್ತು.

ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ, ಹಾಗೆ ಇಡುವುದು ಅಭ್ಯಾಸ. ಬಿಡಿಯಾಗಿ ನೋಡಿದರೆ ಒಂದೂ ಗುಟ್ಟಲ್ಲ. ಪಟ್ಟಿ ಪಂಚಾಯ್ತಿ ಗೋಡೆಗೆ ಅಂಟಿಸುವಂಥದ್ದು, ಡೈರೆಕ್ಟರಿ ಅಂಚೆ ಕಚೇರಿಯಲ್ಲೂ ಸಿಗುತ್ತದೆ, ಬಸ್ಸಿನಲ್ಲಿ ನೂರು ಜನ ಅವಳನ್ನು ದಿನಾ ನೋಡುತ್ತಾರೆ. ಆದರೆ ಸಾಲಾಗಿ ಓದಿದಾಗ ಅಲ್ಲಿ ಬೇರೆ ಏನೋ ಇತ್ತು. ಗಂಡಸರಿಲ್ಲದ ಮನೆ, ಅದರ ಬಾಗಿಲು ಎಲ್ಲಿ, ಯಾವ ಹೊತ್ತಿಗೆ ಅವಳು ಯಾವ ದಾರಿಯಲ್ಲಿ ಒಬ್ಬಳೇ ನಡೆಯುತ್ತಾಳೆ, ಯಾವ ಮಾತಿಗೆ ಅವಳು ತಲೆ ತಗ್ಗಿಸಬೇಕಾಗುತ್ತದೆ. ಇದಿಷ್ಟೂ ಒಂದೇ ಕಡೆ ಯಾವ ಕಚೇರಿಯಲ್ಲೂ ಇರಲಿಲ್ಲ. ಅವಳ ತಾಯಿಯ ಬಳಿಯೂ ಹೀಗೆ ಸಾಲಾಗಿ ಇರಲಿಕ್ಕಿಲ್ಲ. ಅದನ್ನು ಮಾಡಿದವಳು ನಾನು. ಮಾಡುತ್ತಿರುವುದು ಅವಳಿಗೆ ಗೊತ್ತೂ ಇರಲಿಲ್ಲ.

ಓದುವಾಗ ನಮಗೆ ಒಬ್ಬ ಮೇಷ್ಟ್ರಿದ್ದರು. ಓದುಗ ಏನು ಕೇಳಿದರೂ ಹುಡುಕಿಕೊಡಿ, ಆದರೆ ಒಬ್ಬ ಓದುಗ ಏನೇನು ಓದುತ್ತಾನೆ ಎಂದು ಇನ್ನೊಬ್ಬ ಕೇಳಿದರೆ ರಿಜಿಸ್ಟರ್ ಮುಚ್ಚಿ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತೆಗೆದುಕೊಂಡಿದ್ದೆ. ಬೇರೆಯವರ ರಿಜಿಸ್ಟರ್ ಮುಚ್ಚುವುದು ಸುಲಭ. ಅಸೂಯೆ ಇಲ್ಲದವರಿಗೆ ಇನ್ನೂ ಸುಲಭ.

ಕಾರ್ಡುಗಳನ್ನು ಚೀಲದ ಒಳಗಿನ ಜೇಬಿಗೆ ಹಾಕಿದೆ. ಕೊಡುವುದಿಲ್ಲ ಎಂದು ಆಗಲೇ ನಿರ್ಧರಿಸಿದ್ದೆ ಎಂದು ಹೇಳಿಕೊಳ್ಳಲಾರೆ.

ಮೂರನೆಯ ದಿನ ಅತ್ತೆಯೇ ಬಂದಳು. ಹೆಗಲಿಗೆ ಕೈಚೀಲ, ಅದರ ಬಾಯಿಂದ ಹುಣಸೆಕಾಯಿ ಇಣುಕುತ್ತಿದ್ದವು. ಅಂಗಡಿಯ ಹೊರಗೆ ಚಪ್ಪಲಿ ಬಿಡಬೇಕೆಂಬ ಬೋರ್ಡನ್ನು ಓದಿ, ಬಿಡದೆ ಒಳಗೆ ಬಂದಳು.

"ಏನಲೇ ಸೊಸಿ, ಮೂರು ದಿನ ಆತು. ನಿನ್ನ ಕಂಪ್ಯೂಟರ್ ಸತ್ತೈತೋ, ನೀ ಸತ್ತೀಯೋ ನೋಡಿ ಹೋಗಾಕ ಬಂದೆ."

"ಕುಂದ್ರು ಅತ್ತಿ. ನೀರು ಕುಡಿ."

"ಕೂಡ್ಲಿಗ್ಯಾಗ ನೀರು ಐತಿ. ತೋರ್ಸು, ಏನ್ ಸಿಕ್ತು?"

"ನಾನು ಹುಡುಕಿ ಕೊಡಂಗಿಲ್ಲ ಅತ್ತಿ."

"ಸಿಗಲಿಲ್ಲೇನು?"

"ಸಿಗೋದು ಬಿಡೋದು ಬ್ಯಾರೆ. ಕೊಡಂಗಿಲ್ಲ."

ಅತ್ತೆ ಕಣ್ಣು ಸಣ್ಣ ಮಾಡಿದಳು. "ಅಂದ್ರ ಏನೋ ಸಿಕ್ಕೈತಿ."

ಆ ಕ್ಷಣದಲ್ಲಿ ಒಂದು ವಿಷಯ ಹೊಳೆಯಿತು: ಕೊಡುವುದಿಲ್ಲ ಎನ್ನುವ ನನ್ನ ರೀತಿಯಿಂದಲೇ ಅತ್ತೆಗೆ ಎಲ್ಲ ಗೊತ್ತಾಗಿಬಿಡಬಹುದು. ಏನೂ ಸಿಗದಿದ್ದರೆ ಹೇಗೆ ಹೇಳುತ್ತಿದ್ದೆನೋ ಹಾಗೇ, ಅದೇ ಮುಖದಲ್ಲಿ ಹೇಳಬೇಕು. "ಏನೂ ಇಲ್ಲ, ಹುಡುಗಿ ಬಂಗಾರ" ಎಂದರೂ ತಪ್ಪು. ನಾಳೆ ಇನ್ನೊಬ್ಬಳ ವಿಷಯದಲ್ಲಿ ಸುಮ್ಮನಿದ್ದರೆ ಅದೇ ಏನೋ ಇದೆ ಎಂಬ ಉತ್ತರವಾಗುತ್ತದೆ.

"ಯಾರ ಹೆಸರು ಕಳಿಸಿದ್ರೂ ಇದ ಮಾತು ಹೇಳ್ತೀನಿ ಅತ್ತಿ. ನಮ್ಮ ಕಡಿ ಮಂತ್ರಿ ಏನು ಕೆಲಸ ಮಾಡ್ಯಾನ ಅಂತ ಕೇಳು, ಪೇಪರ್ ತೆಗೆದು ಕೊಡ್ತೀನಿ. ಅವ ನಮ್ಮ ವೋಟು ಕೇಳಿದಾತ. ಈಕಿ ಯಾರಿಗೇನು ಕೇಳ್ಯಾಳ? ತನ್ನ ಪಾಡಿಗೆ ಇರಾಕಿ."

"ತನ್ನ ಪಾಡಿಗೆ ಇದ್ದಿದ್ರ ನನ್ನ ಮಗನ ಪಾಡು ಹಿಂಗ್ಯಾಕ ಆಗತಿತ್ತು?"

ಹಿಂದೆ ಜೆರಾಕ್ಸ್ ಮಾಡುತ್ತಿದ್ದ ಮಾಲೀಕರು ಕಿಸಕ್ಕನೆ ನಕ್ಕರು. "ಅಮ್ಮಾರ, ನಿಮ್ಮ ಸೊಸಿ ಗಿರಾಕಿಗಳಿಗೂ ಹಿಂಗ ವಾದ ಮಾಡ್ತಾರ. ಅದಕ್ಕ ಅಂಗಡಿ ಹಿಂಗೈತಿ."

"ನೀ ನಿನ್ನ ಮಿಷನ್ ತಿರುವಪ್ಪ" ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಲೇ, ಊರಿಗೆಲ್ಲ ಗೊತ್ತಿರೋದನ್ನ ಒಂದು ಹಾಳಿ ಮ್ಯಾಲ ಬರಿ ಅಂದೆ. ಕಳವು ಮಾಡು ಅಂದ್ನೇನು? ಹೆಣ್ಣು ತರಾಕ ಮುಂಚೆ ವಿಚಾರಿಸಬಾರದೇನು? ನಿಮ್ಮ ಅಕ್ಕನ ಗಂಡನ್ನ ಯಾರು ವಿಚಾರಿಸಿದ್ದು? ನಾನು!"

ಅದು ನಿಜ. ಅಕ್ಕನ ಸಂಬಂಧ ಹೊಳಲಿನಿಂದ ಬಂದಾಗ ವಿಚಾರಿಸಲು ಹೋದವಳು ಅತ್ತೆಯೇ. ಗುಡಿಗೆ ಬಂದವಳ ಹಾಗೆ ಹೋಗಿ, ಕಿರಾಣಿ ಅಂಗಡಿಯಲ್ಲಿ ಕೂತು, ನೀರು ಸೇದುವವರ ಬಳಿ ನಿಂತು, ಯಾರದೋ ಮನೆಯಲ್ಲಿ ಚಹಾ ಕುಡಿದು ಹುಡುಗನ ಮನೆತನ ವಿಚಾರಿಸಿದಳು. ಅವಳು ವಾಪಸ್ಸಿನ ಬಸ್ಸಿಗೆ ನಿಂತಿದ್ದಾಗ ಹುಡುಗನ ತಾಯಿಯೇ ಒಂದು ಚೊಂಬು ಮಜ್ಜಿಗೆ ಹಿಡಿದು ಬಂದಿದ್ದರು. "ಅಷ್ಟೆಲ್ಲಾ ಮಂದೀನ ಕೇಳೀರಿ, ಬಾಯಿ ಒಣಗಿರಬೇಕು. ಉಳಿದದ್ದು ನನ್ನನ್ನ ಕೇಳ್ರಿ" ಎಂದರಂತೆ. ಅತ್ತೆ ಮಜ್ಜಿಗೆ ಕುಡಿದು, ಮುಖ ಕೆಂಪಗೆ ಮಾಡಿಕೊಂಡು, ಕೇಳಿಯೂ ಕೇಳಿದ್ದಳು. ಮುಂದಿನ ವಾರ ಆ ತಾಯಿ ಕೊಟ್ಟೂರಿಗೆ ಬಂದು ನಮ್ಮ ಓಣಿಯನ್ನೆಲ್ಲ ವಿಚಾರಿಸಿಕೊಂಡು ಹೋದರು. ಇದನ್ನು ಅತ್ತೆಯೇ ಪ್ರತಿ ಹಬ್ಬದಲ್ಲಿ ನಗಾಡುತ್ತಾ ಹೇಳುತ್ತಿದ್ದಳು.

"ಆವಾಗ ನೀ ಹೋದದ್ದು ಅವರಿಗೆ ಗೊತ್ತಾತಲ್ಲ ಅತ್ತಿ" ಎಂದೆ. "ಮಜ್ಜಿಗಿ ತಗೊಂಡು ಬಂದ್ರಲ್ಲ. ಆಮ್ಯಾಲೆ ಅವರು ಬಂದು ನಮ್ಮನ್ನ ಕೇಳಿದ್ರು. ಇಲ್ಲಿ ನಾನು ಈ ಕತ್ತಲಗೂಡಿನ್ಯಾಗ ಕುಂತು ಹುಡುಕಿದ್ರ ಮಜ್ಜಿಗಿ ತರೋರು ಯಾರು? ಅಕಿಗೆ ಗೊತ್ತ ಆಗಂಗಿಲ್ಲ. ತಪ್ಪಿದ್ರ ತಪ್ಪು ಅನ್ನಾಕೂ ಬರಂಗಿಲ್ಲ. ಅದ ಹೆಸರಿನಾಕಿ ಇನ್ನೊಬ್ಬಾಕಿ ಇದ್ರ, ಅಕಿ ಕತಿ ಇಕಿ ತಲಿಗೆ ಕಟ್ಟಿ ಬಿಟ್ರ?"

"ಹಂಗಾರ ಏನ್ ಮಾಡು ಅಂತಿ?"

"ಮಗನ್ನ ಕರಕೊಂಡು ಹಡಗಲಿಗೆ ಹೋಗು. ಅವರ ಮನ್ಯಾಗ ಕುಂದ್ರು. ಏನ್ ಬೇಕೋ ಅಕೀನ್ನ ಕೇಳು, ಅಕಿ ಅವ್ವನ್ನ ಕೇಳು. ಹೇಳಬೇಕು ಅನಿಸಿದ್ದು ಹೇಳ್ತಾರ. ಅವರೂ ನಿನ್ನ ಕೇಳ್ತಾರ."

"ನನ್ನ ಏನ್ ಕೇಳ್ತಾರ?"

"ನಿನ್ನ ಮಗ ಎಂಥಾವ ಅಂತ."

ಮಾಲೀಕರ ಮಿಷನ್ ನಿಂತಿತ್ತು. ಅತ್ತೆ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಧ್ವನಿ ಇಳಿಸಿದಳು. ಅವಳು ಹಾಗೆ ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಹುಚ್ಚಿ, ಇದೆಲ್ಲಾ ನಿನ್ನ ಸಲುವಾಗಿ ಮಾಡಾಕತ್ತಿದ್ದಲೇ. ನಿನಗ ಅವ ಬ್ಯಾಡೇನು?"

ನಾನು ಕೀಬೋರ್ಡಿನ ಮೇಲಿದ್ದ ಬಟ್ಟೆಯನ್ನು ಸರಿಮಾಡಿದೆ. ಬೇಕು ಎಂದರೆ ಚೀಲದ ಜೇಬಿಗೆ ಕೈ ಹೋಗುತ್ತಿತ್ತು. ಬೇಡ ಎಂದರೆ ಸುಳ್ಳು.

"ಹಿಂಗ ಬ್ಯಾಡ" ಎಂದೆ.

ಅತ್ತೆ ಎದ್ದು ಹುಣಸೆಕಾಯಿಗಳನ್ನು ಮೇಜಿನ ಮೇಲೆ ಸುರಿದಳು, ಅಮ್ಮನಿಗೆಂದು ತಂದದ್ದು. "ಓದಿಸಬ್ಯಾಡ್ರಿ ಅಂದೆ ನಿಮ್ಮಪ್ಪಗ. ಅಕೀನ ನನ್ನ ಮನಿಗೆ ಸೊಸಿ ಆಗಿ ಬರ್ತಾಳ ನೋಡು. ನೀ ಮದಿವಿ ಪತ್ರ ಟೈಪ್ ಮಾಡು, ತಪ್ಪಿಲ್ಲದಂಗ." ಬಾಗಿಲಲ್ಲಿ ನಿಂತು ಇನ್ನೊಂದು ಸೇರಿಸಿದಳು: "ಹೆಸರು ಹೆಂಗ ಬರಿಯೋದು ಅಂತ ನಿನಗ ಗೊತ್ತ ಐತಲ್ಲ."

ಆ ದಿನ ಉಳಿದ ಕೆಲಸದಲ್ಲಿ ಎಷ್ಟು ತಪ್ಪು ಮಾಡಿದೆನೋ. ಒಳ್ಳೆಯದು ಮಾಡಿದೆ ಎಂಬ ಸಮಾಧಾನ ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚೇ, ಮೊದಲಿಗಿಂತ ಜೋರಾಗಿ. ನಾನು ಅವಳಿಗೆ ಮಾಡಿದ ಉಪಕಾರ ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಅವಳು ನಿಶ್ಚಿಂತೆಯಿಂದ ಬಸ್ಸಿಳಿದು ನಡೆಯುತ್ತಾಳೆ, ಅವನು ಅವಳ ಪೊಟ್ಟಣದಿಂದ ಮಿರ್ಚಿ ತೆಗೆಯುತ್ತಾನೆ. ಅವಳ ಕಾಲಂನಲ್ಲಿದ್ದ ಪದ ಅವನಿಗೆ ಗೊತ್ತಿದೆಯೇ? ಗೊತ್ತಿದ್ದೂ ಮೆಚ್ಚಿದ್ದರೆ ನನಗೆ ಉಳಿದದ್ದೇನು? ಗೊತ್ತಿಲ್ಲದಿದ್ದರೆ? ನಾನು ಹೇಳದೆಯೇ ಅದು ತಾನಾಗಿ ಹೊರಬಂದರೆ? ಹಾಗೆ ಹಾರೈಸಿದೆ ಕೂಡ. ಕಾರ್ಡು ಕೊಡದವಳಿಗೆ ಹಾರೈಕೆಯನ್ನು ತಡೆಯಲಾಗಲಿಲ್ಲ.

ಹೊರಡುವ ಮೊದಲು ಮತದಾರರ ಪಟ್ಟಿಯ ಕಟ್ಟನ್ನೂ ಫ್ಲಾಪಿಗಳನ್ನೂ ಮಾಲೀಕರ ಮುಂದೆ ಇಟ್ಟೆ. "ಇವನ್ನ ಬೀರುದಾಗ ಇಟ್ಟು ಕೀಲಿ ಹಾಕ್ರಿ. ಟೈಪ್ ಮಾಡೋ ಹೊತ್ತಿಗೆ ಅಷ್ಟ ಕೊಡ್ರಿ. ನಾನು ಇದರಾಗ ಮನೀ ಸಲುವಾಗಿ ಒಂದು ಹೆಸರು ಹುಡುಕಿದೆ. ಮಾಡಬಾರದಿತ್ತು."

"ಅಯ್ಯ ಬಿಡ್ರಿ ಮೇಡಂ, ಗ್ವಾಡಿಗೆ ಅಂಟಿಸೋ ಪಟ್ಟಿ" ಎಂದರು ಅವರು. ಆದರೆ ಕೀಲಿ ಹಾಕಿದರು. ಆಯ್ಕೆ ಪಟ್ಟಿಯ ಫೈಲನ್ನು ನಾನೇ ಅಳಿಸಿದೆ. ಅದರ ಕೆಲಸ ಮುಗಿದು ತಿಂಗಳುಗಳಾಗಿದ್ದವು.

ಸಂಜೆ ಕೊಟ್ಟೂರಿನ ಮನೆಗೆ ಬಂದಾಗ ಅಮ್ಮ ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕಾರ್ಡುಗಳನ್ನು ಹರಿದು ಒಂದೊಂದಾಗಿ ಹಾಕಿದೆ, ಹೊಡೆದುಹಾಕಿದ ಐದನೆಯದನ್ನೂ. ರಟ್ಟು ತಕ್ಷಣ ಹತ್ತುವುದಿಲ್ಲ. ಮೊದಲು ಅಂಚು ಬಾಗುತ್ತದೆ, ಆಮೇಲೆ ನನ್ನ ಅಕ್ಷರಗಳು ಒಂದು ಕ್ಷಣ ಬೆಳ್ಳಗೆ ಎದ್ದು ಕಾಣುತ್ತವೆ. ಓದದೆ ಇರಲು ಬೂದಿ ಕೆದಕಿದೆ.

"ಏನವು?" ಎಂದಳು ಅಮ್ಮ.

"ಬ್ಯಾಡಾದ ಕಾಗದ."

"ನಿಮ್ಮ ಅತ್ತಿ ಫೋನ್ ಮಾಡಿದ್ಲು ಬಾಜು ಮನಿಗೆ. ನಿನ್ನ ಮಗಳಿಗೆ ಬುದ್ಧಿ ಭಾಳ ಆಗೈತಿ ಅಂದ್ಲು. ಮತ್ಯಾರನ್ನೋ ಹಿಡಿದು ಹುಡುಕಸ್ತಾಳಂತ."

ಆ ಮಾತು ನನ್ನನ್ನು ನಿದ್ದೆಯಲ್ಲೂ ಬಿಡಲಿಲ್ಲ. ನಾನು ಕೊಡದಿದ್ದರೆ ಮುಗಿಯಿತು ಎಂದುಕೊಂಡಿದ್ದೆ. ಹೆಸರು ಇನ್ನೊಬ್ಬರ ಕೈಗೆ ಹೋಗುವುದಿತ್ತು, ನನ್ನಷ್ಟೂ ಅಳುಕಿಲ್ಲದವರ ಕೈಗೆ. ಅದನ್ನು ತಡೆಯಬಲ್ಲವನು ಒಬ್ಬನೇ ಇದ್ದ. ಅವನಿಗೆ ಹೇಳಿದರೆ ಅವನು ತಾಯಿಯನ್ನು ಕರೆದುಕೊಂಡು ನೇರ ಹಡಗಲಿಗೆ ಹೋಗುತ್ತಾನೆ, ಮದುವೆ ಗಟ್ಟಿಯಾಗುತ್ತದೆ. ಹೇಳದೆ ಸುಮ್ಮನಿದ್ದರೆ ನನ್ನ ಕೈ ಸ್ವಚ್ಛವಾಗಿಯೇ ಉಳಿದು ಕೆಲಸ ಆಗಿಬಿಡಬಹುದಿತ್ತು.

ಮರುದಿನ ಬೆಳಿಗ್ಗೆ ಹಗರಿಬೊಮ್ಮನಹಳ್ಳಿ ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಹೊರಟು, ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನಿಂದ ಹರಪನಹಳ್ಳಿಯ ಅವನ ರೂಮಿನ ಮಾಲೀಕರ ಮನೆಗೆ ಫೋನು ಮಾಡಿದೆ. ಅವನನ್ನು ಕರೆದರು. ಹಲ್ಲುಜ್ಜುತ್ತಿದ್ದನೇನೋ, ಮಾತು ನೊರೆನೊರೆಯಾಗಿತ್ತು.

"ಯಾರಿಗರ ಏನರ ಆಗೈತೇನು?"

"ಏನಾಗಿಲ್ಲ. ಅತ್ತಿ ನನಗೊಂದು ಹೆಸರು ಕಳಿಸಿದ್ಲು. ಎಲ್ಲಾ ಹುಡುಕು ಅಂತ. ಯಾರ ಹೆಸರು ಅಂತ ನಿನಗ ಗೊತ್ತೈತಿ. ನಾ ಕೊಡಂಗಿಲ್ಲ ಅಂದೆ. ಬ್ಯಾರೆಯವರ ಕಡಿಂದ ಹುಡುಕಸ್ತಾಳಂತ. ಇವತ್ತ ಕೂಡ್ಲಿಗಿಗೆ ಹೋಗಿ ಅತ್ತೀನ್ನ ನೀನ ಅವರ ಮನಿಗೆ ಕರಕೊಂಡು ಹೋಗು. ಅತ್ತಿ ಕೇಳಾಕತ್ತಾಳ ಅಂತ ಮೊದಲ ಅವರಿಗೆ ತಿಳಿಸು."

ಅವನು ಉಗುಳಿ ಬಂದ ಸದ್ದು ಕೇಳಿಸಿತು. "ನೀ ಹುಡುಕಿದ್ಯಾ?"

"ಹುಡುಕಿದೆ. ನಾಲ್ಕು ಕಾರ್ಡು. ಸುಟ್ಟೆ."

"ಏನಿತ್ತು?"

"ಕೇಳಬ್ಯಾಡ. ಒಳ್ಳೇದಿದ್ರೂ ಹೇಳಂಗಿಲ್ಲ, ಕೆಟ್ಟದ್ದಿದ್ರೂ ಹೇಳಂಗಿಲ್ಲ, ಏನೂ ಇಲ್ದಿದ್ರೂ ಹೇಳಂಗಿಲ್ಲ. ನಾ ಹುಡುಕಿದ್ದೆ ಅಂತ ಅಕಿಗೆ ಹೇಳು. ಅಕಿಗೆ ಗೊತ್ತಿರಬೇಕು."

"ಅವ್ವ ಕೇಳಿದ್ದು ಆತು. ನೀ ಯಾಕ ಹುಡುಕಿದಿ?" ಎಂದ.

ಬೂತಿನ ಗಾಜಿನ ಹೊರಗೆ ಒಬ್ಬರು ಬೆರಳಿನಿಂದ ತಟ್ಟಿ ಬೇಗ ಎಂದು ಸನ್ನೆ ಮಾಡಿದರು. ನಾನು ಫೋನಿಟ್ಟು, ಹೊರಗೆ ಬಂದು ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದೆ.